ಗಾಯದೊಳಗೆ ಇಳಿಯುವ ಮದ್ದು

ಜನವರಿಯ ಬೆಳಗು, ಎಂಟು ಗಂಟೆ ದಾಟಿದೆ. ಕಳಸದಿಂದ ಬಾಳೂರಿನ ಕಡೆಗೆ ಬರುವ ರಸ್ತೆಯ ಪಕ್ಕದ ತೋಟವೊಂದರಲ್ಲಿ ನೀವು ನಿಂತಿದ್ದೀರಿ. ಸಿಲ್ವರ್ ಮರಗಳ ನೆತ್ತಿಯ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಶುರುವಾಗಿದೆ. ಕಣದಲ್ಲಿ ಹರಡಿದ ಚೆರ್ರಿಯನ್ನು ಇಬ್ಬರು ಕಾಲಲ್ಲಿ ಕೆದರುತ್ತಿದ್ದಾರೆ. ಕೊಯ್ಲಿನವರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಲೈನಿನ ಕಡೆಯಿಂದ ಏರಿ ಬರುತ್ತಿದ್ದಾರೆ. ಆಗ ಕೆಳಗಿನ ತಿರುವಿನಲ್ಲಿ ಒಂದು ಕೂಗು ಕೇಳುತ್ತದೆ.

ನೀವು ಓಡಿ ಹೋಗುವ ಹೊತ್ತಿಗೆ ನಾಯಿ ಹಳ್ಳದ ಕಡೆ ಹೊರಟುಹೋಗಿದೆ. ಲೈನಿನ ನಾಯಿಯಲ್ಲ, ಯಾರೂ ನೋಡಿದ್ದಲ್ಲ. ಬೊಗಳಲಿಲ್ಲ, ಗುರ್ ಅನ್ನಲಿಲ್ಲ, ಸೀದಾ ಬಂದು ಕಚ್ಚಿ ಹೋಯಿತು ಎನ್ನುತ್ತಾರೆ ಪಕ್ಕದಲ್ಲಿದ್ದವರು. ನಲವತ್ತರ ಆಸುಪಾಸಿನ ಹೆಂಗಸು ನೆಲದಲ್ಲಿ ಕುಳಿತಿದ್ದಾಳೆ. ಬಲಗಾಲಿನ ಮೀನಖಂಡದಲ್ಲಿ ಎರಡು ಆಳದ ಹಲ್ಲಿನ ಗುರುತು, ಒಂದರಿಂದ ರಕ್ತ ಸಣ್ಣಗೆ ಹರಿಯುತ್ತಿದೆ.

ಯಾರೋ ಆಗಲೇ ಒಂದು ಹಿಡಿ ಕಾಫಿ ಪುಡಿ ತಂದಿದ್ದಾರೆ. ರಕ್ತ ನಿಲ್ಲಿಸಲು ಈ ಸೀಮೆಯಲ್ಲಿ ಮೊದಲು ನೆನಪಾಗುವುದೇ ಅದು. ತೋಟದ ರೈಟರು ಕೈ ಅಡ್ಡ ಹಿಡಿಯುತ್ತಾರೆ. ‘ಬ್ಯಾಡ, ಎಂತದ್ದೂ ಹಾಕ್ಬೇಡಿ. ಸೋಪು ತಗಂಡ್ ಬನ್ನಿ. ಅಕ್ಕ, ನಲ್ಲಿ ಕೆಳಗೆ ಕಾಲಿಡಿ.’

ಪಲ್ಪರ್ ಮನೆಯ ಪಕ್ಕದ ನಲ್ಲಿಯಡಿ ಬಟ್ಟೆ ಸೋಪಿನಿಂದ ಗಾಯ ತೊಳೆಯುವುದು ಶುರುವಾಗುತ್ತದೆ. ಹದಿನೈದು ನಿಮಿಷ ತೊಳೆಯಬೇಕು. ಐದು ನಿಮಿಷ ಕಳೆಯುವಷ್ಟರಲ್ಲಿ ಸುತ್ತ ನಿಂತವರಿಗೆ ಸಾಕೆನ್ನಿಸುತ್ತದೆ, ಆಕೆಗೆ ಉರಿ ತಡೆಯಲಾಗುವುದಿಲ್ಲ. ರೈಟರು ಬಿಡುವುದಿಲ್ಲ. ಅವರು ಮಾಡುತ್ತಿರುವುದು ಏನೆಂದು ತಿಳಿಯಬೇಕಾದರೆ ಆ ಹಲ್ಲಿನ ಗುರುತಿನ ಒಳಗೆ ಇಳಿದು ನೋಡಬೇಕು.

ನಾಯಿಗೆ ರೇಬೀಸ್ ಇದ್ದಿದ್ದರೆ ಅದರ ಜೊಲ್ಲಿನ ಜೊತೆ ವೈರಸ್ ಈಗ ಆಕೆಯ ಸ್ನಾಯುವಿನ ಎಳೆಗಳ ನಡುವೆ ಇದೆ. ಬಂದೂಕಿನ ಗುಂಡಿನ ಆಕಾರದ ಕಣ ಅದು. ಉದ್ದ ಸುಮಾರು 180 ನ್ಯಾನೊಮೀಟರ್, ದಪ್ಪ ಸುಮಾರು 75. ಹೊರಗಿನ ಕವಚ ಕೊಬ್ಬಿನದು, ಹಾಗಾಗಿ ಸೋಪು ತಾಗಿದರೆ ಒಡೆಯುತ್ತದೆ. ಆ ಕವಚದ ಮೇಲೆ ನೂರಾರು ಮುಳ್ಳುಗಳಿವೆ. ಪ್ರತಿಯೊಂದೂ ಜಿ ಎಂದು ಕರೆಯುವ ಒಂದೇ ಪ್ರೋಟೀನಿನ ಮೂರು ಪ್ರತಿಗಳು ಸೇರಿ ಆದದ್ದು. ವೈರಸ್ಸಿಗೆ ನರದ ತುದಿಯನ್ನು ಹಿಡಿಯಲು ಇರುವ ಅಂಗ ಇದೊಂದೇ. ನರವೂ ಸ್ನಾಯುವೂ ಸಂಧಿಸುವ ಜಾಗದಲ್ಲಿ ಈ ಮುಳ್ಳು ಅಂಟಿಕೊಂಡರೆ ವೈರಸ್ ನರದೊಳಗೆ ಸೇರುತ್ತದೆ. ಅಲ್ಲಿಂದ ನರದ ಒಳಗಿನ ಸಾಗಣೆಯನ್ನೇ ಹತ್ತಿ ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ಬೆನ್ನುಹುರಿಗೆ, ಮುಂದೆ ಮಿದುಳಿಗೆ ಏರುತ್ತದೆ.

ಆದರೆ ಕಚ್ಚಿದ ತಕ್ಷಣ ಅದು ನರ ಸೇರುವುದಿಲ್ಲ. ಗಾಯದಲ್ಲೇ ಕೆಲವೊಮ್ಮೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ, ಅಲ್ಲೇ ಸ್ನಾಯುವಿನೊಳಗೆ ಒಂದಷ್ಟು ಹೆಚ್ಚುತ್ತದೆ. ರೋಗದ ಲಕ್ಷಣ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುವುದು ಈ ನಿಧಾನದಿಂದಲೇ. ತಲೆಗೋ ಮುಖಕ್ಕೋ ಕಚ್ಚಿದರೆ, ನರಗಳು ದಟ್ಟವಾಗಿರುವ ಬೆರಳಿಗೆ ಕಚ್ಚಿದರೆ ಬೇಗ. ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯ ಮಂದಿ. ಆದ್ದರಿಂದ ಇಡೀ ಚಿಕಿತ್ಸೆ ನಡೆಯಬೇಕಾದದ್ದು ವೈರಸ್ ಇನ್ನೂ ಗಾಯದಲ್ಲಿರುವ ಈ ಅವಧಿಯಲ್ಲಿ. ಕಾಫಿ ಪುಡಿ, ಸುಣ್ಣ, ಖಾರದ ಪುಡಿಗಳನ್ನು ಗಾಯಕ್ಕೆ ಉಜ್ಜಿದರೆ ಆಗುವ ಕೆಡುಕು ಅಲ್ಲೇ ಇದೆ. ಅವು ಗಾಯವನ್ನು ಕೆರಳಿಸಿ ವೈರಸ್ಸನ್ನು ಇನ್ನಷ್ಟು ಒಳಕ್ಕೆ, ನರದ ಹತ್ತಿರಕ್ಕೆ ಒತ್ತುತ್ತವೆ.

ಜೀಪು ಹೊರಡುತ್ತದೆ. ನೀವು ಹಿಂದಿನ ಸೀಟಿನಲ್ಲಿ ಆಕೆಯ ಎದುರು ಕುಳಿತಿದ್ದೀರಿ. ಬಾಳೂರು ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಹೋಟೆಲುಗಳ ಮುಂದೆ ನಿಧಾನಿಸಿ, ಬಣಕಲ್ ಹಾದು ಮೂಡಿಗೆರೆಯತ್ತ ಜೀಪು ಓಡುತ್ತದೆ. ಜೊತೆಗೆ ಬಂದ ಹಿರಿಯ ಮೇಸ್ತ್ರಿ ತಮ್ಮ ಕಾಲದ ಮಾತು ತೆಗೆಯುತ್ತಾರೆ. ‘ನಮ್ ಕಾಲ್ದಲ್ಲಿ ಹೊಕ್ಕಳ ಸುತ್ತ ಹದಿನಾಲ್ಕು ಚುಚ್ತಿದ್ರು ಕಣಮ್ಮ. ಈಗ ಅದೆಲ್ಲ ಇಲ್ಲ, ಹೆದರ್ಬೇಡ.’ ಅವರು ಹೇಳುತ್ತಿರುವುದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಸೆಂಪಲ್ ಲಸಿಕೆಯನ್ನು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಆ ಲಸಿಕೆ ಸುಮಾರು ತೊಂಬತ್ತು ವರ್ಷ ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತು. ಕೆಲವರಿಗೆ ಆ ಲಸಿಕೆಯೇ ನರಗಳಿಗೆ ಪೆಟ್ಟು ಕೊಡುತ್ತಿತ್ತು. ಈಗಿನದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಾಗುವ ಲಸಿಕೆ. ತೋಳಿನ ಚರ್ಮದಲ್ಲಿ ಒಂದೊಂದು ಹನಿ ಸಾಕು.

ಆಸ್ಪತ್ರೆಯ ಗಾಯದ ಕೋಣೆಯಲ್ಲಿ ನರ್ಸ್ ಮತ್ತೊಮ್ಮೆ ಗಾಯ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚುತ್ತಾರೆ. ವೈದ್ಯೆ ಬಂದು ನೋಡುತ್ತಾರೆ. ಚರ್ಮ ತೂರಿಕೊಂಡು ಹೋದ ಕಡಿತ, ರಕ್ತ ಬಂದಿದೆ. ಇದು ಮೂರನೆಯ ವರ್ಗ, ಲಸಿಕೆಯೊಂದೇ ಸಾಲದು.

‘ತೂಕ ನೋಡಿ ಸಿಸ್ಟರ್. ಅಮ್ಮಾ, ಮೊದಲು ಯಾವತ್ತಾದ್ರೂ ನಾಯಿ ಕಡಿದು ಇಂಜೆಕ್ಷನ್ ತಗೊಂಡಿದ್ದುಂಟಾ?’

‘ಇಲ್ಲ ಮೇಡಂ.’

‘ಬೇರೆ ಎಲ್ಲಾದ್ರೂ ಗೀರಿದೆಯಾ? ಕೈ ತೋರ್ಸಿ.’

ಇಲ್ಲ ಎನ್ನುತ್ತಲೇ ಆಕೆ ಕೈ ಚಾಚುತ್ತಾಳೆ. ಕಾಫಿ ಹಣ್ಣಿನ ಕಲೆ ಹತ್ತಿ ಕಪ್ಪಾದ ಬೆರಳುಗಳು. ವೈದ್ಯೆ ಒದ್ದೆ ಹತ್ತಿಯಿಂದ ಒಂದೊಂದೇ ಬೆರಳು ಒರೆಸಿ ನೋಡುತ್ತಾರೆ. ಎಡಗೈಯ ತೋರುಬೆರಳಿನ ಪಕ್ಕದಲ್ಲಿ ಅರ್ಧ ಸೆಂಟಿಮೀಟರಿನ ಒಂದು ಗೀರು ಸಿಗುತ್ತದೆ. ನಾಯಿಯನ್ನು ತಳ್ಳುವಾಗ ಹಲ್ಲು ತಾಗಿರಬೇಕು. ಆಕೆಗೇ ಗೊತ್ತಾಗಿಲ್ಲ. ಇದನ್ನು ನೋಡುತ್ತಿರುವಾಗ ನಿಮಗೆ ಅದು ಅಷ್ಟು ದೊಡ್ಡದೆನ್ನಿಸಲಿಕ್ಕಿಲ್ಲ. ಆದರೆ ಎಲ್ಲ ಚಿಕಿತ್ಸೆ ಪಡೆದೂ ರೇಬೀಸಿನಿಂದ ಸತ್ತವರ ವಿಷಯದಲ್ಲಿ ಹಿಂದಿರುಗಿ ನೋಡಿದಾಗ ಪದೇ ಪದೇ ಸಿಗುವ ಕಾರಣಗಳಲ್ಲಿ ಇದೂ ಒಂದು: ಯಾರೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಚಿಕ್ಕ ಗಾಯ.

ಮೊದಲು ಲಸಿಕೆ. ಎರಡೂ ತೋಳುಗಳ ಚರ್ಮದೊಳಗೆ 0.1 ಮಿಲಿಲೀಟರಿನಂತೆ. ಇಂದು ಒಮ್ಮೆ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಈ ಲಸಿಕೆ ಆಕೆಯ ದೇಹಕ್ಕೆ ವೈರಸ್ಸಿನ ಮುಳ್ಳಿನ ಗುರುತು ತೋರಿಸಿ, ಅದಕ್ಕೆ ಪ್ರತಿಕಾಯ ಮಾಡಿಕೋ ಎನ್ನುತ್ತದೆ. ದೇಹ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ಏಳರಿಂದ ಹದಿನಾಲ್ಕು ದಿನ ಬೇಕು. ಬೆರಳಿನ ಗೀರಿನಲ್ಲಿರುವ ವೈರಸ್ ಅಷ್ಟು ದಿನ ಕಾಯುತ್ತದೆಯೇ ಎಂಬುದಕ್ಕೆ ಖಾತರಿ ಇಲ್ಲ. ನಡುವಿನ ಈ ದಿನಗಳಿಗೆ ಬೇರೆಲ್ಲೋ ತಯಾರಾದ ಪ್ರತಿಕಾಯವನ್ನು ಎರವಲು ತಂದು ಗಾಯದೊಳಗೇ ಇಡಬೇಕು.

ಸಿಸ್ಟರ್ ಫ್ರಿಜ್ಜು ತೆಗೆಯುತ್ತಾರೆ. ಎರಡರಿಂದ ಎಂಟು ಡಿಗ್ರಿಯ ನಡುವೆ ಇಟ್ಟ ಚಿಕ್ಕ ಸೀಸೆಗಳು, ಒಳಗೆ ನೀರಿನಂಥ ದ್ರವ. ಅದು ರೇಬೀಸಿನ ಮೊನೊಕ್ಲೋನಲ್ ಪ್ರತಿಕಾಯ, 2016ರಲ್ಲಿ ಭಾರತದಲ್ಲಿ ಪರವಾನಗಿ ಪಡೆದದ್ದು. ರೇಬೀಸಿಗೆ ಇಂಥದೊಂದು ಔಷಧಿ ಜಗತ್ತಿನಲ್ಲಿ ಎಲ್ಲಿಯೂ ಅದಕ್ಕೆ ಮೊದಲು ಬಂದಿರಲಿಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮಾಸ್‌ಬಯೊಲಾಜಿಕ್ಸ್ ಜೊತೆ ಸೇರಿ ತಯಾರಿಸಿದ ಇದರ ಹೆಸರು ರೇಬಿಶೀಲ್ಡ್.

ಸೀಸೆ ಕೋಣೆಯ ಬಿಸುಪಿಗೆ ಬರಲು ಬಿಡುವ ಆ ಸ್ವಲ್ಪ ಹೊತ್ತಿನಲ್ಲಿ, ಅದು ಬಂದ ದಾರಿಯನ್ನು ಹಿಂದಕ್ಕೆ ನಡೆದು ನೋಡೋಣ.

ಹಿಂದೆ ಈ ಕೆಲಸಕ್ಕೆ ಇದ್ದದ್ದು ಕುದುರೆಯ ರಕ್ತ, ಇಂದಿಗೂ ಎಷ್ಟೋ ಕಡೆ ಅದೇ. ಕುದುರೆಗೆ ರೇಬೀಸ್ ಲಸಿಕೆ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಏಳುತ್ತವೆ. ರಕ್ತ ತೆಗೆದು ಆ ಭಾಗವನ್ನು ಬೇರ್ಪಡಿಸಿ ಮನುಷ್ಯನಿಗೆ ಕೊಡುವುದು. ಆದರೆ ಕುದುರೆ ತನ್ನ ಬಾಳಿನಲ್ಲಿ ಎದುರಿಸಿದ ಎಲ್ಲ ಸೋಂಕುಗಳ ಪ್ರತಿಕಾಯವೂ ಅದೇ ರಕ್ತದಲ್ಲಿದೆ. ರೇಬೀಸಿಗೆ ತಗಲುವುದು ಅದರಲ್ಲಿ ಒಂದು ಪಾಲು, ಅದರಲ್ಲೂ ವೈರಸ್ಸನ್ನು ನಿಜವಾಗಿ ತಡೆಯುವುದು ಇನ್ನೂ ಕಡಿಮೆ. ಉಳಿದ ಕುದುರೆ ಪ್ರೋಟೀನು ರೋಗಿಯ ಮೈಗೆ ಹೊರೆ. ಕೆಲವರಿಗೆ ವಾರದ ಬಳಿಕ ಜ್ವರ, ಕೀಲುನೋವು, ಮೈಮೇಲೆ ದದ್ದು ಬರುವುದೂ ಇದರಿಂದಲೇ. ಲಸಿಕೆ ಹಾಕಿಸಿಕೊಂಡ ಮನುಷ್ಯರ ರಕ್ತದಿಂದ ತೆಗೆದದ್ದು ಇದಕ್ಕಿಂತ ಸುರಕ್ಷಿತ. ಆದರೆ ಅದಕ್ಕೆ ದಾನಿಗಳು ಬೇಕು, ಬೆಲೆ ಹೆಚ್ಚು, ಬೇಕಾದಾಗ ಸಿಗುವುದಿಲ್ಲ.

ಒಂದು ಪ್ರತಿಕಾಯವನ್ನು ಮಾಡುವುದು ಬಿ ಕೋಶ ಎಂಬ ಒಂದು ಬಿಳಿ ರಕ್ತಕಣ. ಒಂದು ಬಿ ಕೋಶ ಮಾಡುವುದು ಒಂದೇ ಬಗೆಯ ಪ್ರತಿಕಾಯ, ವೈರಸ್ಸಿನ ಮುಳ್ಳಿನ ಒಂದೇ ಜಾಗಕ್ಕೆ ಹೊಂದುವಂಥದ್ದು. ಲಕ್ಷಾಂತರ ಕೋಶಗಳಲ್ಲಿ ಬೇಕಾದ ಆ ಒಂದನ್ನು ಹುಡುಕಿ ಅದನ್ನಷ್ಟೇ ಬೆಳೆಸಿದರೆ? ನಮ್ಮ ತೋಟಗಳಲ್ಲಿ ಒಳ್ಳೆಯ ಮೆಣಸಿನ ಬಳ್ಳಿಯೊಂದನ್ನು ಆರಿಸಿ ಅದರ ಕುಡಿಗಳನ್ನೇ ಕತ್ತರಿಸಿ ಪಾಲಿಥಿನ್ ಚೀಲದಲ್ಲಿ ಬೇರೂರಿಸಿ ಸಾವಿರ ಗಿಡ ಮಾಡುತ್ತೇವಲ್ಲ, ಬೀಜ ಬಿತ್ತಿದರೆ ಬರುವ ವ್ಯತ್ಯಾಸ ಯಾವ ಗಿಡದಲ್ಲೂ ಇರುವುದಿಲ್ಲವಲ್ಲ, ಹಾಗೆ. ತೊಂದರೆ ಏನೆಂದರೆ ಮೈಯಿಂದ ಹೊರತೆಗೆದ ಬಿ ಕೋಶ ಕುಡಿಯೊಡೆಯುವುದಿಲ್ಲ, ಕೆಲವೇ ದಿನಗಳಲ್ಲಿ ಸಾಯುತ್ತದೆ.

ಈ ಗಂಟನ್ನು ಬಿಡಿಸಿದವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಪ್ರಯೋಗಾಲಯವೊಂದರಲ್ಲಿದ್ದ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್, 1975ರಲ್ಲಿ. ಅವರು ಇಲಿಯ ಗುಲ್ಮದ ಬಿ ಕೋಶವನ್ನು, ಸಾವಿಲ್ಲದೆ ಬೆಳೆಯುತ್ತಲೇ ಹೋಗುವ ಒಂದು ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಹುಟ್ಟಿದ ಹೊಸ ಕೋಶಕ್ಕೆ ಪ್ರತಿಕಾಯ ಮಾಡುವ ಗುಣ ಒಬ್ಬ ತಾಯಿಯದು, ಸಾಯದ ಗುಣ ಇನ್ನೊಬ್ಬಳದು. ಬೆಸೆಯದೆ ಉಳಿದ ಬಿ ಕೋಶಗಳು ತಾವಾಗಿ ಸಾಯುತ್ತವೆ. ಬೆಸೆಯದೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಒಂದು ಕಿಣ್ವ ಇಲ್ಲದಂತೆ ಮೊದಲೇ ಆರಿಸಿಟ್ಟಿದ್ದರಿಂದ, ಅವರು ಬಳಸಿದ ವಿಶೇಷ ಪೋಷಕ ದ್ರವದಲ್ಲಿ ಅವೂ ಸಾಯುತ್ತವೆ. ಬೆಸೆದವು ಮಾತ್ರ ಉಳಿಯುತ್ತವೆ. ಹೈಬ್ರಿಡೋಮಾ ಎಂದು ಹೆಸರಾದ ಈ ಕೆಲಸಕ್ಕೆ 1984ರಲ್ಲಿ ನೊಬೆಲ್ ಬಂತು. ಇದಕ್ಕೆ ಅವರು ಪೇಟೆಂಟ್ ಪಡೆದಿರಲಿಲ್ಲ. ಜಗತ್ತಿನ ಯಾವ ಪ್ರಯೋಗಾಲಯವೂ ಮಾಡಿಕೊಳ್ಳಬಹುದಾಗಿತ್ತು. ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಸೀಸೆಯಲ್ಲಿರುವ ಪ್ರತಿಕಾಯವೂ ಇಲಿಯಿಂದಲೇ ಹೊರಟದ್ದು. ಆದರೆ ಇಲಿಯ ಪ್ರತಿಕಾಯವನ್ನು ಹಾಗೆಯೇ ಮನುಷ್ಯನಿಗೆ ಕೊಟ್ಟರೆ ಮನುಷ್ಯನ ದೇಹ ಅದನ್ನು ಪರಕೀಯವೆಂದು ಗುರುತಿಸಿ ಅದರ ವಿರುದ್ಧವೇ ಪ್ರತಿಕಾಯ ಮಾಡುವ ಸಾಧ್ಯತೆ ಇರುತ್ತದೆ. ಹಾಗಾಗಿ ಈ ಪ್ರತಿಕಾಯಕ್ಕೆ ಬಳಸಿದ ಇಲಿಗಳು ಬೇರೆ ಬಗೆಯವು. ಅವುಗಳ ಸ್ವಂತ ಪ್ರತಿಕಾಯದ ಜೀನುಗಳನ್ನು ನಿಲ್ಲಿಸಿ ಮನುಷ್ಯರ ಜೀನುಗಳನ್ನು ಸೇರಿಸಲಾಗಿತ್ತು. ಆ ಇಲಿಗಳಿಗೆ ಮನುಷ್ಯರಿಗೆ ಕೊಡುವ ರೇಬೀಸ್ ಲಸಿಕೆಯನ್ನೇ ಕೊಟ್ಟು, ಗುಲ್ಮ ತೆಗೆದು, ಬೆಸೆದು, ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಕೋಶಗಳನ್ನು ಒಂದೊಂದಾಗಿ ಬೇರೆ ಮಾಡಿ ಬೆಳೆಸುತ್ತಾರೆ. ಆಮೇಲೆ ಸೋಸುವ ಕೆಲಸ. ಯಾವ ಗುಳಿಯ ದ್ರವ ಜಿ ಪ್ರೋಟೀನಿಗೆ ಅಂಟುತ್ತದೆ ಎಂಬುದು ಮೊದಲ ಪರೀಕ್ಷೆ. ಅಂಟಿದವುಗಳಲ್ಲಿ ಜೀವಂತ ವೈರಸ್ಸನ್ನು ತಡೆಯುವುದು ಯಾವುದು ಎಂಬುದು ಎರಡನೆಯದು. ಅಂಟುವುದೆಲ್ಲ ತಡೆಯುವುದಿಲ್ಲ. ಮುಳ್ಳಿನ ಬುಡಕ್ಕೋ ಪಕ್ಕಕ್ಕೋ ಅಂಟಿದ ಪ್ರತಿಕಾಯ ಇದ್ದೂ ಇಲ್ಲದಂತೆ, ವೈರಸ್ ಅದನ್ನು ಹೊತ್ತುಕೊಂಡೇ ನರವನ್ನು ಹಿಡಿಯಬಲ್ಲದು. ಈ ಜರಡಿಯಲ್ಲಿ ಉಳಿದ ಒಂದಕ್ಕೆ 17ಸಿ7 ಎಂಬ ಸಂಖ್ಯೆ ಬಿತ್ತು.

ಹೈಬ್ರಿಡೋಮಾ ಕೋಶ ಇದನ್ನು ಗುರುತಿಸಲು ಒದಗಿತು, ಆದರೆ ಲಕ್ಷಗಟ್ಟಲೆ ಸೀಸೆ ತುಂಬಿಸಲು ಗಟ್ಟಿ ಕೋಶ ಬೇಕು. ಆ ಪ್ರತಿಕಾಯದ ಜೀನನ್ನು ತೆಗೆದು ಚೈನೀಸ್ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಪಡೆದ ಕೋಶಗಳ ಸಂತತಿಗೆ ಸೇರಿಸುತ್ತಾರೆ. ಇಂದು ಜಗತ್ತಿನ ಹೆಚ್ಚಿನ ಮೊನೊಕ್ಲೋನಲ್ ಔಷಧಿಗಳು ಹುಟ್ಟುವುದು ಇದೇ ಕೋಶಗಳಲ್ಲಿ.

ಅಂಥ ಕಾರ್ಖಾನೆಯೊಂದರ ಒಳಗೆ ನೀವು ಈಗ ನಿಂತಿದ್ದರೆ ಕಾಣುವುದು ಮನುಷ್ಯನಿಗಿಂತ ಎತ್ತರದ ಸ್ಟೀಲಿನ ತೊಟ್ಟಿಗಳು. ಒಳಗೆ ಸಕ್ಕರೆ, ಅಮೈನೊ ಆಮ್ಲ, ಲವಣಗಳ ದ್ರವದಲ್ಲಿ ತೇಲುವ ಕೋಶಗಳು. ಬಿಸಿ ನಮ್ಮ ಮೈಯಷ್ಟೇ, ಮೂವತ್ತೇಳು ಡಿಗ್ರಿ. ಕೆಳಗಿನಿಂದ ಆಮ್ಲಜನಕ ಗುಳ್ಳೆಗಳಾಗಿ ಏರುತ್ತದೆ, ಮಧ್ಯದಲ್ಲಿ ರೆಕ್ಕೆಯೊಂದು ಮೆಲ್ಲನೆ ತಿರುಗುತ್ತದೆ. ಜೋರಾಗಿ ತಿರುಗಿದರೆ ಕೋಶಗಳು ಒಡೆಯುತ್ತವೆ, ನಿಧಾನವಾದರೆ ಕೆಳಗಿನವಕ್ಕೆ ಉಸಿರಿರುವುದಿಲ್ಲ. ಸುಮಾರು ಎರಡು ವಾರ ಹೀಗೆ ಮೇವು ಕೊಡುತ್ತ ಬೆಳೆಸುತ್ತಾರೆ. ಕೋಶಗಳು ಪ್ರತಿಕಾಯವನ್ನು ದ್ರವಕ್ಕೆ ಸುರಿಯುತ್ತಲೇ ಇರುತ್ತವೆ. ಲೀಟರಿಗೆ ಕೆಲವು ಗ್ರಾಂ ಸಿಕ್ಕರೆ ಒಳ್ಳೆಯ ಇಳುವರಿ.

ಆ ದ್ರವದಿಂದ ಪ್ರತಿಕಾಯವನ್ನು ಬೇರೆ ಮಾಡುವುದು ಬೆಳೆಸುವಷ್ಟೇ ದುಬಾರಿ ಕೆಲಸ. ಪ್ರೋಟೀನ್ ಎ ಎಂಬ ವಸ್ತು ಲೇಪಿಸಿದ ಸಣ್ಣ ಮಣಿಗಳ ಕೊಳವೆಯಲ್ಲಿ ದ್ರವವನ್ನು ಹಾಯಿಸುತ್ತಾರೆ. ಪ್ರತಿಕಾಯದ ಬಾಲ ಆ ಮಣಿಗೆ ಹಿಡಿದುಕೊಳ್ಳುತ್ತದೆ, ಉಳಿದ ಕಸ ಹರಿದುಹೋಗುತ್ತದೆ. ಬಳಿಕ ಹುಳಿ ದ್ರವ ಹಾಯಿಸಿದರೆ ಪ್ರತಿಕಾಯ ಬಿಟ್ಟು ಹೊರಬರುತ್ತದೆ. ಅದೇ ಹುಳಿಯಲ್ಲಿ ಸುಮಾರು ಒಂದು ಗಂಟೆ ಇಡುವುದು, ಹ್ಯಾಮ್‌ಸ್ಟರ್ ಕೋಶಗಳಲ್ಲಿ ಯಾವುದಾದರೂ ವೈರಸ್ ಅಡಗಿದ್ದರೆ ಕೊಲ್ಲಲು. ನಂತರ ಇನ್ನೆರಡು ಕೊಳವೆ, ವೈರಸ್ಸೂ ತೂರದಷ್ಟು ಸಣ್ಣ ರಂಧ್ರಗಳ ಸೋಸುಗ. ಕೊನೆಗೆ ಉಳಿಯುವ ಭಯ ಒಂದೇ: ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುವುದು. ಮುದ್ದೆಯಾದದ್ದು ವೈರಸ್ಸಿಗೆ ತಗಲುವುದಿಲ್ಲ, ರೋಗಿಯ ಮೈಗೆ ಅಲರ್ಜಿ ತರಬಲ್ಲದು. ಹೆಪ್ಪುಗಟ್ಟಿದರೆ, ಬಿಸಿಲಲ್ಲಿ ಇಟ್ಟರೆ, ಜೋರಾಗಿ ಕುಲುಕಿದರೆ ಹೀಗಾಗುತ್ತದೆ. ಘಟ್ಟದ ತಿರುವುಗಳಲ್ಲಿ ಥರ್ಮೊಕೋಲ್ ಪೆಟ್ಟಿಗೆ ಬರುವಾಗ ಐಸಿಗೆ ನೇರ ತಾಗಿಸದೆ ಇಡುವುದು ಇದೇ ಕಾರಣಕ್ಕೆ. ಸಿಸ್ಟರ್ ಈಗ ಸೀಸೆಯನ್ನು ಬೆಳಕಿಗೆ ಹಿಡಿದು ಎಳೆಯೋ ಕಣವೋ ಇದೆಯೇ ಎಂದು ನೋಡುತ್ತಿರುವುದೂ ಅದಕ್ಕೇ.

ಇಂಥ ತೊಟ್ಟಿಗಳು ಬೆಂಗಳೂರಿನಲ್ಲೂ ಇವೆ. ಅಲ್ಲಿನ ಬಯೋಕಾನ್ 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರಿಗೆ ನಿಮೋಟುಜುಮಾಬ್ ಎಂಬ ಮೊನೊಕ್ಲೋನಲ್ ಪ್ರತಿಕಾಯವನ್ನೂ 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬನ್ನೂ ಮಾರುಕಟ್ಟೆಗೆ ತಂದಿತು. ಮಾಡುವ ಹಾದಿ ಹೆಚ್ಚು ಕಡಿಮೆ ಒಂದೇ, ಹಿಡಿಯುವ ಗುರಿ ಬೇರೆ. ಐದು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಒಂದರ ಕೋಶಗಳ ಮೇಲೆ ಹರ್2 ಎಂಬ ಪ್ರೋಟೀನು ಮಿತಿಮೀರಿ ಇರುತ್ತದೆ. ಟ್ರಾಸ್ಟುಜುಮಾಬ್ ಅದಕ್ಕೆ ಅಂಟಿ ಬೆಳೆಯುವ ಸೂಚನೆಯನ್ನು ತಡೆಯುತ್ತದೆ, ಜೊತೆಗೆ ತನ್ನ ಬಾಲದಿಂದ ದೇಹದ ರಕ್ಷಕ ಕೋಶಗಳನ್ನು ಅಲ್ಲಿಗೇ ಕರೆಯುತ್ತದೆ. ಗಡ್ಡೆಯ ತುಣುಕನ್ನು ಪರೀಕ್ಷಿಸಿ ಹರ್2 ಹೆಚ್ಚಿದೆ ಎಂದು ಖಚಿತವಾದವರಿಗೆ ಮಾತ್ರ ಈ ಮದ್ದು. ಇಲ್ಲದವರಿಗೆ ಕೊಟ್ಟರೆ ಹಣವೂ ಹೋಯಿತು, ಹೃದಯಕ್ಕೂ ಪೆಟ್ಟು. ಹೃದಯದ ಸ್ನಾಯುವಿನಲ್ಲೂ ಸ್ವಲ್ಪ ಹರ್2 ಇರುವುದರಿಂದ ಔಷಧಿ ನಡೆಯುವಷ್ಟು ಕಾಲ ಆಗಾಗ ಎಕೋ ಮಾಡಿಸುತ್ತಾರೆ. ಗುರಿ ಇಟ್ಟ ಚಿಕಿತ್ಸೆ ಎನ್ನುವಾಗ, ಗುರಿ ಬೇರೆಲ್ಲಿ ಇದೆ ಎಂಬುದನ್ನೂ ತಿಳಿದಿರಬೇಕು. ರೇಬೀಸಿನ ಜಿ ಮುಳ್ಳು ಮನುಷ್ಯನ ಯಾವ ಅಂಗದಲ್ಲೂ ಇಲ್ಲ. ಈ ಸೀಸೆಯ ಮದ್ದು ಅಷ್ಟು ಸುರಕ್ಷಿತವಾಗಿರುವುದಕ್ಕೆ ಅದು ದೊಡ್ಡ ಕಾರಣ.

ಗಾಯದ ಕೋಣೆಗೆ ಹಿಂದಿರುಗಿ. ತೂಕ 45 ಕಿಲೋ. ಕಿಲೋಗೆ 3.33 ಐಯು ಎಂಬ ಲೆಕ್ಕದಲ್ಲಿ 150 ಐಯು ಬೇಕು. ಐಯು ಎಂದರೆ ವೈರಸ್ಸನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ, ತೂಕದ ಅಳತೆಯಲ್ಲ. ಕುದುರೆಯದಾದರೆ ಇದೇ ಹೆಂಗಸಿಗೆ ಕಿಲೋಗೆ 40ರಂತೆ 1,800 ಐಯು ಬೇಕಿತ್ತು, ಮನುಷ್ಯರ ರಕ್ತದ್ದಾದರೆ 20ರಂತೆ 900. ಸೀಸೆಯಲ್ಲಿ ಮಿಲಿಲೀಟರಿಗೆ 40 ಐಯು ಇದೆ, ಅಂದರೆ 3.75 ಮಿಲಿಲೀಟರ್. ವೈದ್ಯೆ ಎರಡು ಸೀಸೆಗಳಿಂದ ಅಷ್ಟನ್ನೇ ಎಳೆದುಕೊಳ್ಳುತ್ತಾರೆ. ಹೆಚ್ಚು ಕೊಟ್ಟರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಎರವಲಿನ ಪ್ರತಿಕಾಯ ಮಿತಿಮೀರಿದರೆ ತೋಳಿಗೆ ಹಾಕಿದ ಲಸಿಕೆಯನ್ನೂ ಮುಚ್ಚಿಹಾಕಬಹುದು, ಆಗ ಆಕೆಯ ಸ್ವಂತ ಪ್ರತಿಕಾಯ ಏಳುವುದು ಕುಂಠಿತವಾಗುತ್ತದೆ.

ಸೂಜಿ ಮೊದಲು ಮೀನಖಂಡಕ್ಕೆ. ಹಲ್ಲಿನ ಗುರುತಿನ ಅಂಚಿನಿಂದ ಒಳಕ್ಕೆ ಹೋಗಿ, ಸ್ವಲ್ಪ ಸ್ವಲ್ಪ ಬಿಡುತ್ತ ಹಿಂದಕ್ಕೆ, ಮತ್ತೆ ಇನ್ನೊಂದು ದಿಕ್ಕಿಗೆ. ಗಾಯದ ತಳಕ್ಕೂ ಸುತ್ತಲಿಗೂ. ಆಕೆ ಮೇಸ್ತ್ರಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ.

‘ಇನ್ನೊಂದ್ ಸ್ವಲ್ಪ ತಡ್ಕಳಮ್ಮ. ಇದನ್ನ ಸೊಂಟಕ್ಕೆ ಕೊಟ್ರೆ ನೋವಿರಲ್ಲ, ಆದ್ರೆ ಪ್ರಯೋಜನಾನೂ ಇಲ್ಲ.’

ಆ ಮಾತಿನಲ್ಲಿ ಎಲ್ಲವೂ ಇದೆ. ಸೊಂಟಕ್ಕೆ ಕೊಟ್ಟರೆ ಪ್ರತಿಕಾಯ ರಕ್ತದಲ್ಲಿ ಇಡೀ ಮೈಗೆ ಹರಡಿ ತೆಳುವಾಗುತ್ತದೆ. ಗಾಯದ ಜಾಗಕ್ಕೆ ತಲುಪುವುದು ತಡವಾಗಿ, ಬಹಳ ಸ್ವಲ್ಪ. ಗಾಯದೊಳಗೇ ಬಿಟ್ಟರೆ ಅಲ್ಲಿರುವ ವೈರಸ್ಸಿನ ಪ್ರತಿ ಕಣದ ಸುತ್ತ ಪ್ರತಿಕಾಯ ಮುತ್ತಿಕೊಳ್ಳುತ್ತದೆ. ವೈ ಅಕ್ಷರದಂತಿರುವ, ಹತ್ತು ನ್ಯಾನೊಮೀಟರ್ ಆಸುಪಾಸಿನ ಆ ಅಣುವಿನ ಎರಡು ತೋಳುಗಳು ಮುಳ್ಳಿನ ಮೇಲಿನ ಒಂದು ನಿರ್ದಿಷ್ಟ ಜಾಗವನ್ನು ಹಿಡಿಯುತ್ತವೆ. ವಿಜ್ಞಾನಿಗಳು ಆ ಜಾಗವನ್ನು ಮೂರನೆಯ ತಾಣ ಎನ್ನುತ್ತಾರೆ. ಮುಳ್ಳು ಹೀಗೆ ಮುಚ್ಚಿಹೋದರೆ ವೈರಸ್ ನರದ ತುದಿಯನ್ನು ಹಿಡಿಯಲಾರದು. ಬಾಲದ ಗುರುತು ನೋಡಿ ಬಂದ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ.

ಉಳಿದ ಸ್ವಲ್ಪದಲ್ಲಿ ಬೆರಳಿಗೆ. ಬೆರಳಲ್ಲಿ ಜಾಗ ಕಡಿಮೆ, ಒತ್ತಿ ತುಂಬಿದರೆ ರಕ್ತ ಓಡಾಟವೇ ನಿಂತುಬಿಡಬಹುದು. ಗೀರಿನ ಸುತ್ತ ಸಣ್ಣ ಸೂಜಿಯಲ್ಲಿ ಚರ್ಮ ಬಿಗಿಯಾಗುವವರೆಗೆ ಮಾತ್ರ ಬಿಟ್ಟು ವೈದ್ಯೆ ನಿಲ್ಲಿಸುತ್ತಾರೆ. ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ, ಬ್ಯಾಂಡೇಜೂ ಬಿಗಿಯಾಗಿಲ್ಲ. ಇಂಥ ಗಾಯವನ್ನು ಮೊದಲೇ ಹೊಲಿದರೆ ಸೂಜಿ ಹೊಸ ದಾರಿ ತೆರೆದು ವೈರಸ್ಸನ್ನು ಆಳಕ್ಕೆ ಒಯ್ಯುತ್ತದೆ.

ಈ ಮದ್ದಿಗೊಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಒಂದೇ ಜಾಗಕ್ಕೆ ಹೊಂದುವ ಪ್ರತಿಕಾಯ ಆ ಜಾಗ ಬದಲಾದರೆ ಜಾರುತ್ತದೆ. ಪ್ರಯೋಗಾಲಯದಲ್ಲಿ ಈ ಪ್ರತಿಕಾಯದ ಜೊತೆಗೇ ವೈರಸ್ಸನ್ನು ಬೆಳೆಸಿದಾಗ, ಜಿ ಪ್ರೋಟೀನಿನ 336ನೇ ಜಾಗದಲ್ಲಿ ಒಂದು ಅಮೈನೊ ಆಮ್ಲ ಬದಲಾದ ವೈರಸ್ಸುಗಳು ಹಿಡಿತ ತಪ್ಪಿಸಿಕೊಂಡವು. ಕುದುರೆಯ ರಕ್ತದಲ್ಲಿ ಹಲವು ಜಾಗಗಳಿಗೆ ಹೊಂದುವ ಪ್ರತಿಕಾಯಗಳಿರುವುದರಿಂದ ಅಲ್ಲಿ ಈ ಭಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ಬೇರೆ ಬೇರೆ ಜಾಗ ಹಿಡಿಯುವ ಕನಿಷ್ಠ ಎರಡು ಪ್ರತಿಕಾಯಗಳನ್ನು ಸೇರಿಸುವುದು ಮೇಲು ಎಂದದ್ದು ಇದರಿಂದ. ಝೈಡಸ್ ಕಂಪನಿ 2019ರಲ್ಲಿ ತಂದ ಟ್ವಿನ್‌ರ್ಯಾಬ್‌ನಲ್ಲಿ ಅಂಥ ಎರಡು ಇವೆ. ನಮ್ಮ ಊರುಗಳ ನಾಯಿಗಳಲ್ಲಿ ಹರಡುವ ವೈರಸ್ಸಿನ ಮೇಲೆ ಕಣ್ಣಿಡುವ ಕೆಲಸ ಅದಕ್ಕೇ ನಿಲ್ಲುವಂತಿಲ್ಲ. ಇನ್ನೊಂದು ಮಿತಿ ಇದಕ್ಕಿಂತ ಕಠಿಣ. ವೈರಸ್ ನರದೊಳಗೆ ಹೊಕ್ಕ ಮೇಲೆ ಯಾವ ಪ್ರತಿಕಾಯವೂ ಅದನ್ನು ಮುಟ್ಟಲಾರದು. ಹಾಗೆಯೇ ಕೊಪ್ಪ, ನರಸಿಂಹರಾಜಪುರಗಳ ಕಾಡಂಚಿನಲ್ಲಿ ಉಣ್ಣೆಯಿಂದ ಬರುವ ಮಂಗನ ಕಾಯಿಲೆಗೆ ಇಂಥ ಸೀಸೆ ಯಾವ ಫ್ರಿಜ್ಜಿನಲ್ಲೂ ಇಲ್ಲ. ಅಂಥ ಮದ್ದೂ ಬರಬೇಕೆಂದು ನಾನು ಬಲವಾಗಿ ಬಯಸುತ್ತೇನೆ.

ರೇಬೀಸಿನ ಈ ಮದ್ದು ಕೆಲಸ ಮಾಡುತ್ತದೆಂದು ತಿಳಿಯುವುದು ಹೇಗೆ? ಯಾರಿಗೂ ರೇಬೀಸ್ ಕೊಟ್ಟು ಪರೀಕ್ಷಿಸಲಾಗದು, ಕಚ್ಚಿಸಿಕೊಂಡವರಿಗೆ ಕೊಡದೆ ಇರಲೂ ಆಗದು. ಹಾಗಾಗಿ ಭಾರತದಲ್ಲಿ ಕಚ್ಚಿಸಿಕೊಂಡ 200 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ಮೊನೊಕ್ಲೋನಲ್, ಇನ್ನೊಂದಕ್ಕೆ ಮನುಷ್ಯರ ರಕ್ತದ್ದು ಕೊಟ್ಟು, ಎಲ್ಲರಿಗೂ ಲಸಿಕೆ ಹಾಕಿ, ಹದಿನಾಲ್ಕನೇ ದಿನದ ರಕ್ತದಲ್ಲಿ ವೈರಸ್ ತಡೆಯುವ ಶಕ್ತಿ ಅಳೆದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆಯುವ ಈ ಪರೀಕ್ಷೆಯಲ್ಲಿ ರಕ್ತದ ದ್ರವವನ್ನು ಹಂತ ಹಂತವಾಗಿ ತೆಳುಮಾಡಿ ವೈರಸ್ ಜೊತೆ ಬೆರೆಸಿ ಕೋಶಗಳ ಮೇಲೆ ಬಿಡುತ್ತಾರೆ. ಒಂದು ದಿನದ ನಂತರ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕಿದ ಕೋಶಗಳ ಗುಂಪು ಹಸಿರಾಗಿ ಕಾಣುತ್ತದೆ. ಯಾವ ಹಂತದವರೆಗೆ ಹಸಿರು ಕಾಣಲಿಲ್ಲ ಎಂಬುದೇ ಲೆಕ್ಕ. ಮೊನೊಕ್ಲೋನಲ್ ಪಡೆದವರು ಇನ್ನೊಂದು ಗುಂಪಿಗಿಂತ ಕಡಿಮೆ ಬೀಳಲಿಲ್ಲ.

ವೈದ್ಯೆ ಕಾರ್ಡು ಬರೆಯುತ್ತಿದ್ದಾರೆ. ಸೀಸೆಯ ಬ್ಯಾಚ್ ಸಂಖ್ಯೆ, ಎರಡೂ ಗಾಯಗಳ ಜಾಗ, ಮುಂದಿನ ಮೂರು ದಿನಾಂಕಗಳು.

‘ಮೂರನೇ ದಿನ ಬರ್ಬೇಕು. ಆಮೇಲೆ ಏಳನೇ ದಿನ, ಇಪ್ಪತ್ತೆಂಟನೇ ದಿನ. ಕೊಯ್ಲಿದೆ ಅಂತ ತಪ್ಪಿಸ್ಬೇಡಮ್ಮ. ಇವತ್ತು ಗಾಯಕ್ಕೆ ಕೊಟ್ಟಿದ್ದು ಮೂರ್ ವಾರದಲ್ಲಿ ಅರ್ಧಕ್ಕರ್ಧ ಕರಗೋಗುತ್ತೆ. ಅಷ್ಟೊತ್ತಿಗೆ ನಿಂದೇ ತಯಾರಾಗಿರ್ಬೇಕು.’

‘ತೋಟದಿಂದ ಕಳಿಸ್ತಾರಾ ಅಣ್ಣ?’ ಆಕೆ ಮೇಸ್ತ್ರಿಯತ್ತ ತಿರುಗುತ್ತಾಳೆ.

‘ನಾನೇ ಕರ್ಕಂಡ್ ಬರ್ತೀನಿ.’

‘ಇನ್ನೊಂದು,’ ವೈದ್ಯೆ ಕಾರ್ಡನ್ನು ಆಕೆಯ ಕೈಗೆ ಕೊಡುತ್ತಾರೆ, ‘ಇದನ್ನ ಕಳ್ಕೋಬೇಡ. ಮುಂದೆ ಮತ್ತೆ ಕಚ್ಚಿದ್ರೆ ಇದನ್ನ ತೋರ್ಸು. ಆಗ ಗಾಯದೊಳಗೆ ಚುಚ್ಚೋ ಈ ಮದ್ದು ಬೇಕಾಗಲ್ಲ, ಲಸಿಕೆ ಎರಡೇ ದಿನ ಸಾಕು.’